ಮಗಳ ಹುಳದ ವ್ಯಾಪಾರಕ್ಕೆ ಮದುವೆಯ ಠೇವಣಿ: ಒಂದು ಪ್ರಕರಣ ಅಧ್ಯಯನ

ಬ್ಯಾಂಕಿನಲ್ಲಿ ಸಣ್ಣ ಉದ್ದಿಮೆಗಳ ಸಾಲದ ಕಡತ ನೋಡುತ್ತಿದ್ದವನು ನಾನು. ನಿವೃತ್ತನಾದ ಮೇಲೂ ಪರಿಚಯದವರು ಕಾಗದ ಹಿಡಿದು ಬರುತ್ತಾರೆ. ಕೆಳಗಿನ ಪ್ರಕರಣವನ್ನು ಆ ಮನೆಯವರ ಒಪ್ಪಿಗೆಯಿಂದ ಬರೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಮೊತ್ತಗಳನ್ನು ಸ್ವಲ್ಪ ಆಚೀಚೆ ಮಾಡಿ ಪೂರ್ಣಾಂಕಕ್ಕೆ ತಂದಿದ್ದೇನೆ.

ಹಿನ್ನೆಲೆ

ಕರಾವಳಿಯ ಒಂದು ತಾಲೂಕು ಕೇಂದ್ರ. ತಂದೆ ನಿವೃತ್ತ ಹೈಸ್ಕೂಲು ಮುಖ್ಯೋಪಾಧ್ಯಾಯರು, ವಯಸ್ಸು 64. ಊರಿನವರಂತೆ ನಾನೂ ಅವರನ್ನು ಮಾಸ್ಟ್ರು ಎನ್ನುತ್ತೇನೆ. ತಾಯಿಗೆ 59. ಮಗಳಿಗೆ 29, ಮೈಕ್ರೊಬಯಾಲಜಿಯಲ್ಲಿ ಎಂಎಸ್ಸಿ, ಬೆಂಗಳೂರಿನ ಒಂದು ಔಷಧ ಕಂಪನಿಯಲ್ಲಿ 42,000 ರೂ. ಸಂಬಳ. ಮಗ ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು, ಪುಣೆಯಲ್ಲಿ ಕೆಲಸ, ತನ್ನ ಓದಿನ ಸಾಲದ ಕಂತನ್ನು ತಾನೇ ಕಟ್ಟುತ್ತಿದ್ದಾನೆ. ಈ ಕೊನೆಯ ಸಂಗತಿ ಮುಂದೆ ಮುಖ್ಯವಾಗುತ್ತದೆ.

ಮನೆಯ ಹಣಕಾಸು ಹೀಗಿತ್ತು. ಪಿಂಚಣಿ ತಿಂಗಳಿಗೆ 38,000, ಮನೆ ಖರ್ಚು ಔಷಧಿ ಸೇರಿ ಸುಮಾರು 32,000. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 15 ಲಕ್ಷ, ಶೇ 8.2ರ ಬಡ್ಡಿಯಂತೆ ತಿಂಗಳಿಗೆ ಹತ್ತು ಸಾವಿರದ ಲೆಕ್ಕ ಬೀಳುತ್ತದೆ, ಕೈಗೆ ಬರುವುದು ಮೂರು ತಿಂಗಳಿಗೊಮ್ಮೆ. ಇದಲ್ಲದೆ ಬ್ಯಾಂಕಿನಲ್ಲಿ 8 ಲಕ್ಷದ ಠೇವಣಿ. ಅದರ ರಸೀದಿ ಇಟ್ಟಿದ್ದ ಲಕೋಟೆಯ ಮೇಲೆ ತಾಯಿಯ ಕೈಬರಹದಲ್ಲಿ ‘ಮಗಳ ಮದುವೆ’ ಎಂದಿತ್ತು.

ಮಗಳು ಕೆಲಸ ಬಿಟ್ಟು ಮಾಡಬೇಕೆಂದಿದ್ದು ನೊಣ ಸಾಕಣೆ. ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ಈ ನೊಣವನ್ನು ಈ ಕಸುಬಿನವರು ಬಿಎಸ್‌ಎಫ್ ಎಂದು ಕರೆಯುತ್ತಾರೆ. ಇದು ಮನೆ ನೊಣದಂತೆ ಊಟದ ಮೇಲೆ ಕೂರುವುದಿಲ್ಲ. ಬೆಳೆದ ನೊಣ ತಿನ್ನುವುದೇ ಇಲ್ಲ ಎನ್ನಬಹುದು, ವಾರದ ಆಸುಪಾಸು ಬದುಕಿ ಮೊಟ್ಟೆ ಇಟ್ಟು ಸಾಯುತ್ತದೆ. ತಿನ್ನುವುದೆಲ್ಲ ಅದರ ಮರಿಹುಳ. ಹೋಟೆಲಿನ, ತರಕಾರಿ ಮಾರುಕಟ್ಟೆಯ ಹಸಿ ಕಸವನ್ನು ಹನ್ನೆರಡು-ಹದಿನೈದು ದಿನದಲ್ಲಿ ತಿಂದು ಮುಗಿಸುತ್ತದೆ. ಕೊಬ್ಬಿದ ಹುಳ ಕೋಳಿಗೆ, ಮೀನಿಗೆ ಪ್ರೋಟೀನು ತುಂಬಿದ ಆಹಾರ, ಉಳಿದ ಪುಡಿ ಗೊಬ್ಬರ.

ಅವಳು ಕೇಳಿದ್ದು 14 ಲಕ್ಷ: ಶೆಡ್ಡಿಗೆ 5, ಕಸ ಅರೆಯುವ ಯಂತ್ರಕ್ಕೆ 1.5, ಹುಳ ಒಣಗಿಸುವ ಡ್ರೈಯರ್‌ಗೆ 2.5, ಸೆಕೆಂಡ್‌ಹ್ಯಾಂಡ್ ಪಿಕಪ್‌ಗೆ 3, ಕೈಖರ್ಚಿಗೆ 2. ದಿನಕ್ಕೆ 500 ಕಿಲೊ ಕಸದ ಗುರಿ.

ತೊಡಕು ಎಲ್ಲಿತ್ತು

ಮಾಸ್ಟ್ರು ಮೊದಲ ದಿನವೇ ಒಪ್ಪಿದ್ದರು. ಉಳಿತಾಯ ಯೋಜನೆಯನ್ನು ಅವಧಿಗೆ ಮೊದಲೇ ಮುಚ್ಚಿದರೆ ಎಷ್ಟು ಕಡಿತ ಎಂದು ಕೇಳಲು ನನ್ನ ಬಳಿ ಬಂದರು. ಎರಡು ವರ್ಷ ದಾಟಿದ ಖಾತೆಗೆ ಶೇ 1 ಕಡಿತ, ಅದೇನೂ ದೊಡ್ಡ ಪೆಟ್ಟಲ್ಲ. ದೊಡ್ಡ ಪೆಟ್ಟು ತಿಂಗಳ ಹತ್ತು ಸಾವಿರದ ಆದಾಯ ನಿಲ್ಲುವುದು.

ತಾಯಿ ಒಪ್ಪಿರಲಿಲ್ಲ. ನೆಂಟರಲ್ಲಿ ಒಬ್ಬರು “ಹುಳ ಸಾಕುವ ಹುಡುಗಿಗೆ ಗಂಡು ಸಿಗ್ತದಾ?” ಎಂದು ಕೇಳಿಯಾಗಿತ್ತು. ಆದರೆ ತಾಯಿಯ ತಕರಾರು ಅದಾಗಿರಲಿಲ್ಲ. ಮನೆಯಲ್ಲಿ ಮಾತು ಪ್ರತಿ ಸಲ ‘ಮಗಳ ಮೇಲೆ ನಂಬಿಕೆ ಇದೆಯೋ ಇಲ್ಲವೋ’ ಎಂಬಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಆ ಪ್ರಶ್ನೆಗೆ ಇಲ್ಲ ಎನ್ನುವ ತಾಯಿ ಯಾರು? ಹಾಗಾಗಿ ಅವರು ಸುಮ್ಮನಾಗುತ್ತಿದ್ದರು, ಆ ಮೌನವನ್ನು ಉಳಿದವರು ಒಪ್ಪಿಗೆ ಎಂದುಕೊಳ್ಳುತ್ತಿದ್ದರು.

ನಂಬಿಕೆಯ ಮಾತನ್ನು ಬದಿಗಿಟ್ಟು, ಮನಸ್ಸಿಗೆ ಬರುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಮಗಳು ಉತ್ತರವನ್ನು ಅದರ ಕೆಳಗೇ ಬರೆಯಲಿ ಎಂದು ತಾಯಿಗೆ ಹೇಳಿದೆ. ಆ ನೋಟ್‌ಬುಕ್ಕಿನಲ್ಲಿ ನಿರ್ಧಾರವನ್ನು ತಿರುಗಿಸಿದ ಪ್ರಶ್ನೆಗಳಷ್ಟನ್ನೇ ಇಲ್ಲಿ ಕೊಡುತ್ತೇನೆ.

ನೋಟ್‌ಬುಕ್

*ಒಂದು ರೂಪಾಯಿಯೂ ವಾಪಸು ಬಾರದಿದ್ದರೆ ನಮ್ಮ ಮನೆ ಹೇಗೆ ನಡೆಯುತ್ತದೆ?*

ಇದಕ್ಕೆ ಮಗಳಿಗಿಂತ ಮಾಸ್ಟ್ರು ಉತ್ತರಿಸಬೇಕಿತ್ತು. ಪಿಂಚಣಿಯಿಂದ ಮನೆ ನಡೆಯುತ್ತದೆ, ಉಳಿಯುವುದು ಆರು ಸಾವಿರ. ಒಬ್ಬರು ಆಸ್ಪತ್ರೆ ಸೇರಿದರೆ ಆ ಆರು ಸಾವಿರ ಯಾವ ಮೂಲೆಗೆ? ಆ ಹೊತ್ತಿಗೆ ಆಸರೆ 15 ಲಕ್ಷದ ಇಡುಗಂಟು. ಮಾಸ್ಟ್ರು ಮೊದಲು ತೀರಿಕೊಂಡರೆ ತಾಯಿಗೆ ಬರುವುದು ಕುಟುಂಬ ಪಿಂಚಣಿ, ಅದು ಪೂರ್ತಿ ಪಿಂಚಣಿಗಿಂತ ಬಹಳ ಕಡಿಮೆ. ಈ ಲೆಕ್ಕವನ್ನು ಬರೆದು ನೋಡಿದ ಮೇಲೆ 15 ಲಕ್ಷವನ್ನು ಮುಟ್ಟುವುದಿಲ್ಲ ಎಂಬುದರ ಬಗ್ಗೆ ಮನೆಯಲ್ಲಿ ಎರಡನೇ ಮಾತು ಬರಲಿಲ್ಲ. ಮನೆಯ ಪತ್ರವನ್ನೂ ಮುಟ್ಟುವುದಿಲ್ಲ. ಉಳಿದದ್ದು ಮದುವೆಯ ಠೇವಣಿ. ಅದರಲ್ಲಿ 6 ಲಕ್ಷ, ಅದಕ್ಕಿಂತ ಮೇಲೆ ಏನೇ ಆದರೂ ಇಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮಗಳಿಗೆ ಎಷ್ಟು ಬೇಕು ಎಂಬುದರಿಂದ ಈ 6 ಲಕ್ಷ ಹುಟ್ಟಲಿಲ್ಲ. ಪೂರ್ತಿ ಹೋದರೂ ಇವರ ಮುಪ್ಪು ಅಲುಗಾಡದ ಮೊತ್ತ ಯಾವುದು ಎಂಬುದರಿಂದ ಹುಟ್ಟಿತು. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಲೆಕ್ಕ ತಿರುಗಾಮುರುಗಾ ನಡೆಯುತ್ತದೆ.

*ನಮ್ಮ ದುಡ್ಡು ಬೇಡ, ಬ್ಯಾಂಕಿನಿಂದ ತೆಗೆಯಬಹುದಲ್ಲ?*

ಮಗಳು ವಿಚಾರಿಸಿ ಬಂದಳು. ಶಾಖೆಯವರಿಗೆ ಹುಳದ ಘಟಕ ಹೊಸದು, ಹೋಲಿಸಿ ನೋಡಲು ಅಂಥ ಇನ್ನೊಂದು ಸಾಲಗಾರನಿಲ್ಲ. ಹಾಗಾಗಿ ಅವರು ಎರಡು ದಾರಿ ತೋರಿಸಿದರು: ತಂದೆಯ ಠೇವಣಿಯ ಮೇಲೆ ಸಾಲ, ಇಲ್ಲವೇ ತಂದೆಯ ಜಾಮೀನು. ಠೇವಣಿಯ ಮೇಲಿನ ಸಾಲ ಎಂದರೆ ಅಪ್ಪನದೇ ದುಡ್ಡು, ಠೇವಣಿಯ ದರಕ್ಕಿಂತ ಒಂದೆರಡು ಶೇಕಡಾ ಹೆಚ್ಚು ಬಡ್ಡಿಗೆ. ಜಾಮೀನಿನ ಬಗ್ಗೆ ತಂದೆತಾಯಂದಿರಿಗೆ ಒಂದು ಭ್ರಮೆ ಇರುತ್ತದೆ: ಸಹಿ ತಾನೇ, ದುಡ್ಡೇನೂ ಕೊಡಲಿಲ್ಲವಲ್ಲ ಎಂದು. ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಬ್ಯಾಂಕು ಮೊದಲು ಮಗಳ ಬೆನ್ನು ಹತ್ತಿ ಸೋತ ಮೇಲೆಯೇ ಇವರ ಬಾಗಿಲಿಗೆ ಬರಬೇಕೆಂದಿಲ್ಲ. ಜಾಮೀನು ಹಾಕುವವರು ಆ ಮೊತ್ತವನ್ನು ಈಗಾಗಲೇ ಕೊಟ್ಟಾಯಿತು ಎಂದು ಬರೆದುಕೊಂಡೇ ಸಹಿ ಮಾಡಬೇಕು. ಮಾಸ್ಟ್ರು ಎರಡನ್ನೂ ಬಿಟ್ಟರು.

*ಈ ಹುಳವನ್ನು ಕೊಳ್ಳುವವರು ಯಾರು? ಹೆಸರು ಹೇಳು.*

ಯೋಜನಾ ವರದಿಯಲ್ಲಿ ಒಣ ಹುಳಕ್ಕೆ ಕಿಲೊಗೆ 400 ರೂ. ಹಿಡಿದಿದ್ದಳು. ಅದು ಸಾಕುಪ್ರಾಣಿಗಳ ಅಂಗಡಿಯ ಸಣ್ಣ ಡಬ್ಬಿಯ ದರ. ಐನೂರು ಕಿಲೊ ಕಸದಿಂದ ದಿನಕ್ಕೆ ಎಪ್ಪತ್ತು ಕಿಲೊದಷ್ಟು ಹಸಿ ಹುಳ ಬಂದರೆ, ಒಣಗಿ ಅದರ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಅಷ್ಟನ್ನು ದಿನವೂ ಡಬ್ಬಿಯಲ್ಲಿ ಮಾರಲಾಗದು. ಮೀನಿನ ಆಹಾರ ತಯಾರಿಸುವವರಿಗೇ ಕೊಡಬೇಕು. ಅವರು ಹುಳದ ದರವನ್ನು ಮೀನಿನ ಹಿಟ್ಟಿನ ದರದ ಪಕ್ಕದಲ್ಲಿಟ್ಟು ನೋಡುತ್ತಾರೆ. ನಮ್ಮ ಕರಾವಳಿಯೋ ಬೂತಾಯಿ ಮೀನು ಬೇಯಿಸಿ ಹಿಟ್ಟು ಮಾಡುವ ಕಾರ್ಖಾನೆಗಳ ಊರು. ಬೇರೆ ಕಡೆ ದುಬಾರಿಯಾದ ಪದಾರ್ಥ ಇಲ್ಲಿ ಬಾಗಿಲಲ್ಲೇ ಸಿಗುತ್ತದೆ. ಮಗಳು ಓಡಾಡಿ ಕೇಳಿದಾಗ ನಾಲ್ಕು ನೂರು ಕೊಡುವವರು ಯಾರೂ ಸಿಗಲಿಲ್ಲ. ಆದರೆ ನಾಟಿ ಕೋಳಿ ಸಾಕುವ ಮೂವರು, ಬಣ್ಣದ ಮೀನು ಸಾಕುವ ಒಬ್ಬರು ಜೀವಂತ ಹುಳವನ್ನು ಕಿಲೊಗೆ 40 ರೂಪಾಯಿಗೆ ಕೊಳ್ಳುತ್ತೇವೆ ಎಂದರು. ಜೀವಂತ ಮಾರುವುದಾದರೆ ಡ್ರೈಯರ್ ಯಾಕೆ? ಎರಡೂವರೆ ಲಕ್ಷ ಒಂದೇ ಪ್ರಶ್ನೆಗೆ ಕಡಿಮೆಯಾಯಿತು.

*ವರ್ಷದಲ್ಲಿ ಯಾವ ತಿಂಗಳು ಈ ವ್ಯಾಪಾರ ಮಲಗುತ್ತದೆ?*

ಇದು ಕೃಷಿ ಕುಟುಂಬದಲ್ಲಿ ಹುಟ್ಟಿದ ಹೆಂಗಸಿನ ಪ್ರಶ್ನೆ. ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಮಗಳು ಎರಡು ದಿನ ಏನೂ ಬರೆಯಲಿಲ್ಲ. ಆಮೇಲೆ ಬರೆದದ್ದು: “ಜೂನ್, ಜುಲೈ, ಆಗಸ್ಟ್.”

ಕಾರಣ, ಈ ನೊಣ ಕೂಡುವುದು ಬಿಸಿಲಿನಲ್ಲಿ. ಬಲೆಯ ಪಂಜರದೊಳಗೆ ಬೆಳಗಿನ ಬಿಸಿಲು ಬಿದ್ದರೆ ಜೋಡಿಯಾಗುತ್ತವೆ, ಮೊಟ್ಟೆ ಇಡುತ್ತವೆ. ಮೋಡ ಮುಚ್ಚಿದರೆ ಸುಮ್ಮನೆ ಕೂತು ಆಯಸ್ಸು ಮುಗಿಸುತ್ತವೆ. ಅವಳು ತರಬೇತಿ ಪಡೆದಿದ್ದು ಒಣಹವೆಯ ಊರಿನಲ್ಲಿ. ಅಲ್ಲಿಯ ಲೆಕ್ಕ ಕರಾವಳಿಯಲ್ಲಿ ಮಳೆ ಸುರಿಯುವ ಆಟಿ ತಿಂಗಳಿಗೆ ಒಪ್ಪುತ್ತದೆಯೇ ಎಂದು ಯಾರೂ ನೋಡಿರಲಿಲ್ಲ.

*ತಮ್ಮನಿಗೆ ಏನು ಹೇಳುವುದು?*

ತಮ್ಮನಿಗೆ ಅಕ್ಕನ ಮೇಲೆ ಸಿಟ್ಟಿರಲಿಲ್ಲ. ಆದರೆ ಫೋನಿನಲ್ಲಿ ಕೇಳಿದ ಮಾತು ನ್ಯಾಯದ್ದೇ: “ನನ್ನ ಓದಿಗೆ ಸಾಲ ಮಾಡಿಸಿದ್ರಿ, ಕಂತು ನಾನು ಕಟ್ತಾ ಇದ್ದೇನೆ. ಅಕ್ಕನಿಗೆ ಹಾಗೇ ಕೊಡುವುದಾ?” ದುಡ್ಡು ಮಾಸ್ಟ್ರ ಸ್ವಂತ ಗಳಿಕೆ, ಯಾರಿಗೆ ಬೇಕಾದರೂ ಕೊಡಬಹುದು, ಮಕ್ಕಳಿಗೆ ಉಡುಗೊರೆಯಾಗಿ ಕೊಟ್ಟರೆ ಪಡೆದವರಿಗೆ ತೆರಿಗೆಯೂ ಇಲ್ಲ. ಆದರೂ ಉಡುಗೊರೆ ಬೇಡ, ಬಡ್ಡಿಯಿಲ್ಲದ ಸಾಲವಾಗಿ ಕೊಡಿ ಎಂದು ನಾನು ಹೇಳಿದೆ. ಒಂದು ಹಾಳೆಯಲ್ಲಿ ನಾಲ್ಕು ಸಾಲು: ಎಷ್ಟು, ಯಾವಾಗ, ಯಾವಾಗಿನಿಂದ ವಾಪಸು, ವಾಪಸಾಗದೆ ಉಳಿದದ್ದನ್ನು ಮುಂದೆ ವಿಲ್ ಬರೆಯುವಾಗ ಅವಳ ಪಾಲಿನಲ್ಲಿ ಹಿಡಿಯುವುದು. ನಾಲ್ವರ ಸಹಿ. ಹಣ ಖಾತೆಯಿಂದ ಖಾತೆಗೆ. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ, ಮನೆಯವರ ನಡುವೆ ಎಂದರೂ ಅಪಾಯ ಯಾಕೆ. ಇದು ಮದುವೆಗೆ ಇಟ್ಟ ದುಡ್ಡು, ಮದುವೆ ಬಂದಾಗ ಅಷ್ಟು ಕಡಿಮೆಯಾಗಿಯೇ ಇರುತ್ತದೆ ಎಂಬ ಸಾಲನ್ನು ಮಗಳೇ ಸೇರಿಸಿದಳು.

ಮಳೆಗಾಲದ ಪರೀಕ್ಷೆ

ಆರು ಲಕ್ಷವನ್ನು ಮೂರು ಕಂತಾಗಿ ಒಡೆದರು: 2, 2.5, 1.5. ಮೊದಲ ಕಂತಿಗೂ ಮೊದಲು ಒಂದು ಮಳೆಗಾಲ ದಾಟಬೇಕು. ಅಲ್ಲಿಯವರೆಗೆ ಮನೆಯ ಹಿಂದಿನ ಖಾಲಿ ದನದ ಹಟ್ಟಿಯಲ್ಲಿ ದಿನಕ್ಕೆ 20 ಕಿಲೊ ಕಸ ಮಾತ್ರ, ಖರ್ಚು ಮಗಳ ಸ್ವಂತ ಉಳಿತಾಯದ್ದು. ಟ್ರೇ, ಸೊಳ್ಳೆಪರದೆಯ ಪಂಜರ, ಹಳೆಯ ಗ್ರೈಂಡರ್ ಎಲ್ಲ ಸೇರಿ 45,000 ಆಯಿತು. ಅವಳು ಕೆಲಸ ಬಿಡುವ ಬದಲು ಸಂಬಳವಿಲ್ಲದ ರಜೆ ಕೇಳಿದಳು, ಕಂಪನಿ ಆರು ತಿಂಗಳು ಕೊಟ್ಟಿತು.

ಷರತ್ತನ್ನು ಅಳೆಯುವಂತೆ ಬರೆಯಬೇಕಿತ್ತು. ಇಪ್ಪತ್ತು ಕಿಲೊ ಕಸಕ್ಕೆ ದಿನಕ್ಕೆ ಅರ್ಧ ಗ್ರಾಂ ಮೊಟ್ಟೆ ಸಾಕು. ಒಂದು ಗ್ರಾಂನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮೊಟ್ಟೆಗಳಿರುತ್ತವೆ. ಮರದ ಪಟ್ಟಿಗಳ ಸಂದಿಯಲ್ಲಿ ಇಟ್ಟ ಮೊಟ್ಟೆಯನ್ನು ಕೆರೆದು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಬಹುದು. ಹಾಗಾಗಿ ಷರತ್ತು: ಜುಲೈ ಮತ್ತು ಆಗಸ್ಟ್‌ನಲ್ಲಿ ತಿಂಗಳಿಗೆ ಕನಿಷ್ಠ ಹದಿನೈದು ದಿನ ಅರ್ಧ ಗ್ರಾಂ ಸಿಗಬೇಕು. ತೂಗಿ ಬರೆಯುವ ಕೆಲಸ ಮಾಸ್ಟ್ರದ್ದು. ಮಕ್ಕಳ ಅಂಕಪಟ್ಟಿ ಬರೆದ ಕೈ, ಒಂದು ದಿನವೂ ತಪ್ಪಿಸಲಿಲ್ಲ.

ಮೇ ತಿಂಗಳಲ್ಲಿ ದಿನಕ್ಕೆ ಎರಡು ಗ್ರಾಂ ದಾಟುತ್ತಿತ್ತು, ಮನೆಯಲ್ಲಿ ಹಬ್ಬ. ಮೊದಲ ತೊಂದರೆ ಬಂದದ್ದು ವಾಸನೆಯಿಂದ. ಹೋಟೆಲಿನ ಕಸದಲ್ಲಿ ಅನ್ನ, ಗಂಜಿ, ಸಾಂಬಾರು ಹೆಚ್ಚು. ನೀರು ನಿಂತರೆ ಗಾಳಿಯಾಡದೆ ಕೊಳೆಯುತ್ತದೆ, ಹುಳಗಳು ಟ್ರೇಯ ಗೋಡೆ ಹತ್ತಿ ಹೊರಗೆ ಹರಿಯುತ್ತವೆ. ಪಕ್ಕದ ಮನೆಯವರು ಬಂದು ಕೂಗಾಡಿದರು. ತೆಂಗಿನ ನಾರಿನ ಪುಡಿ ಬೆರೆಸಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳುವ ಹದಕ್ಕೆ ತಂದ ಮೇಲೆ ವಾಸನೆ ಇಳಿಯಿತು. ಇದು ಐನೂರು ಕಿಲೊದ ಶೆಡ್ಡಿನಲ್ಲಿ ಆಗಿದ್ದರೆ ಕೂಗಾಟ ಪಂಚಾಯಿತಿಯ ನೋಟಿಸಿನವರೆಗೆ ಹೋಗುತ್ತಿತ್ತು.

ಜೂನ್ ಎರಡನೇ ವಾರದಿಂದ ಮಳೆ ಹಿಡಿಯಿತು. ತಕ್ಕಡಿಯ ಅಂಕಿ ಇಳಿಯುತ್ತಾ ಹೋಯಿತು. ಜುಲೈಯಲ್ಲಿ ಅರ್ಧ ಗ್ರಾಂ ಸಿಕ್ಕಿದ್ದು ನಾಲ್ಕು ದಿನ, ಹೆಚ್ಚಿನ ದಿನ ಸೊನ್ನೆ. ಮಗಳು ಪಂಜರದ ಮೇಲೆ ಎಲ್‌ಇಡಿ ದೀಪ ಹಾಕಿದಳು, ಏನೂ ಆಗಲಿಲ್ಲ. ಮನುಷ್ಯರ ಕಣ್ಣಿಗೆ ಬೆಳಕಾದರೆ ಸಾಲದು, ನೊಣಕ್ಕೆ ಬೇಕಾದ ತೀವ್ರತೆಯೂ ಬೆಳಕಿನ ಬಗೆಯೂ ಇರಬೇಕು. ಹ್ಯಾಲೊಜೆನ್ ದೀಪ ಹಾಕಿದ ಮೇಲೆ ಸ್ವಲ್ಪ ಚೇತರಿಸಿತು, ಆದರೆ ಗಾಳಿಮಳೆಗೆ ಕರೆಂಟೇ ಇರುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಒಂಬತ್ತು ದಿನ. ಕಸವೂ ಕಡಿಮೆಯಾಗಿತ್ತು, ಅವಳು ನೆಚ್ಚಿಕೊಂಡಿದ್ದ ಕಲ್ಯಾಣ ಮಂಟಪಗಳು ಖಾಲಿ. ಆಟಿಯಲ್ಲಿ ಮದುವೆಯೂ ಇಲ್ಲ, ಮೊಟ್ಟೆಯೂ ಇಲ್ಲ.

ಷರತ್ತು ಮುರಿದ ಮೇಲೆ

ಇಲ್ಲಿಂದ ಮುಂದಿನ ಎರಡು ವಾರವೇ ಈ ಪ್ರಕರಣದ ಕಠಿಣ ಭಾಗ. ಮಾಸ್ಟ್ರ ಮನಸ್ಸು ಕರಗಿತು. ಹುಡುಗಿ ಇಷ್ಟು ಕಷ್ಟಪಟ್ಟಿದ್ದಾಳೆ, ಒಂಬತ್ತು ದಿನ ಎಂದರೂ ಸಣ್ಣದಲ್ಲ, ಮೊದಲ ಕಂತು ಕೊಟ್ಟುಬಿಡೋಣ ಎಂದರು. ತಾಯಿ ಬಿಡಲಿಲ್ಲ. ಮಗಳು ಅತ್ತಳು, “ಅಮ್ಮನಿಗೆ ನಾನು ಸೋಲುವುದೇ ಬೇಕಿತ್ತು” ಎಂದಳು. ತಾಯಿ ಹೇಳಿದ್ದು: “ಷರತ್ತು ಹಾಕಿದ್ದು ನೊಣಕ್ಕೆ ಮಗಾ, ನಿನಗಲ್ಲ.”

ನನ್ನ ಅನುಭವದಲ್ಲಿ ಮನೆಗಳು ಜಾರುವುದು ಇಲ್ಲೇ. ಷರತ್ತು ಹಾಕುವುದು ಸುಲಭ. ಅದು ತಪ್ಪಿದ ದಿನ ಏನು ಮಾಡುತ್ತೇವೆ ಎಂದು ಮೊದಲೇ ಮಾತಾಡಿರುವುದಿಲ್ಲ. ಆಗ ಒಂದೋ ಕರುಣೆಯಿಂದ ದುಡ್ಡು ಹೋಗುತ್ತದೆ, ಇಲ್ಲವೇ ಸಿಟ್ಟಿನಿಂದ ಬಾಗಿಲು ಮುಚ್ಚುತ್ತದೆ. ಇವರು ಮೂರನೆಯದನ್ನು ಮಾಡಿದರು. ಕಂತು ಇಲ್ಲ, ಆದರೆ ಯೋಜನೆ ಬದಲಿಸಿ ಇನ್ನೊಮ್ಮೆ ಕೇಳಬಹುದು. ಕೇಳುವಾಗ ಸೋತದ್ದು ಯಾಕೆ ಎಂಬುದಕ್ಕೆ ಉತ್ತರ ಇರಬೇಕು.

ಮಗಳು ಒಂದು ತಿಂಗಳು ಬಿಟ್ಟು ಬಂದಳು. ಹೊಸ ಯೋಜನೆಯಲ್ಲಿ ದಿನಕ್ಕೆ 120 ಕಿಲೊ ಕಸ ಮಾತ್ರ. ಆ ಲೆಕ್ಕಕ್ಕೆ ಬೇಕಾದ ಮೊಟ್ಟೆ ಮೂರು ಗ್ರಾಂ. ಜೂನ್‌ನಿಂದ ಆಗಸ್ಟ್‌ವರೆಗೆ ಅದನ್ನು ಘಟ್ಟದ ಮೇಲಿನ ಒಬ್ಬ ಸಾಕಣೆದಾರರಿಂದ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸುವುದು. ಮೊಟ್ಟೆ ಒಡೆಯಲು ನಾಲ್ಕು ದಿನ ಬೇಕು, ಬಸ್ಸು ಒಂದು ರಾತ್ರಿಯಲ್ಲಿ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಐದು ಸಲ ತರಿಸಿ ನೋಡಿದ್ದಳು. ನಾಲ್ಕು ಸಲ ಸರಿಯಾಗಿ ಬಂತು, ಒಂದು ಸಲ ಪಾರ್ಸೆಲ್ ಮುಂದಿನ ಊರಿಗೆ ಹೋಗಿ ತಿರುಗಿ ಬರುವಾಗ ಡಬ್ಬಿಯಲ್ಲೇ ಮರಿಯಾಗಿದ್ದವು. ಕಲ್ಯಾಣ ಮಂಟಪ ಬಿಟ್ಟು ವರ್ಷಪೂರ್ತಿ ಕಸ ಕೊಡುವ ಎರಡು ಸಸ್ಯಾಹಾರಿ ಹೋಟೆಲು, ಒಂದು ವಸತಿ ಸಮುಚ್ಚಯವನ್ನು ಹಿಡಿದಿದ್ದಳು. ಮಾಂಸಾಹಾರಿ ಹೋಟೆಲುಗಳ ಕಸವನ್ನು ಹಂದಿ ಸಾಕುವವರು ಆಗಲೇ ಒಯ್ಯುತ್ತಿದ್ದರು, ಅದು ಅವಳ ಮೊದಲ ವರದಿಯಲ್ಲಿ ಇರಲೇ ಇಲ್ಲ. ಮೊದಲ ಕಂತು ಆ ವಾರ ಹೋಯಿತು. ಎರಡನೆಯದು ಮುಂದಿನ ಮಳೆಗಾಲದ ನಡುವೆ, ಹೋಟೆಲಿನವರು ಆರು ತಿಂಗಳು ತಪ್ಪದೆ ಕಸ ಒಯ್ಯುವ ಶುಲ್ಕ ಕೊಟ್ಟ ಬ್ಯಾಂಕ್ ವಿವರ ನೋಡಿದ ಮೇಲೆ.

ಈಗ ಎಲ್ಲಿದೆ

ಎರಡು ವರ್ಷ ದಾಟಿದೆ. ದಿನಕ್ಕೆ ಹದಿನಾರು-ಹದಿನೇಳು ಕಿಲೊ ಜೀವಂತ ಹುಳ ಹೋಗುತ್ತದೆ, ಅದರಿಂದ ತಿಂಗಳಿಗೆ 20,000. ಕಸ ಒಯ್ಯುವ ಶುಲ್ಕ 12,000, ಗೊಬ್ಬರದಿಂದ ನಾಲ್ಕೈದು ಸಾವಿರ. ಒಬ್ಬ ಅರೆಕಾಲಿಕ ಸಹಾಯಕ, ಬಾಡಿಗೆ ಆಟೊ, ಕರೆಂಟು, ಮಳೆಗಾಲದ ಮೊಟ್ಟೆ ಎಲ್ಲ ಕಳೆದು ಕೈಗುಳಿಯುವುದು 20,000ದ ಆಸುಪಾಸು. ಬೆಂಗಳೂರಿನ ಸಂಬಳದ ಅರ್ಧವೂ ಅಲ್ಲ. ಅದರಲ್ಲಿ ಐದು ಸಾವಿರ ಪ್ರತಿ ತಿಂಗಳು ಮಾಸ್ಟ್ರ ಖಾತೆಗೆ ಹೋಗುತ್ತದೆ. ಮೂರನೇ ಕಂತನ್ನು ಅವಳು ಕೇಳಿಲ್ಲ.

ಇದನ್ನು ಗೆಲುವು ಎನ್ನಬೇಕೋ ಬೇಡವೋ ಎಂಬುದರಲ್ಲಿ ಆ ಮನೆಯಲ್ಲೇ ಒಮ್ಮತವಿಲ್ಲ. ತಾಯಿ ಈಗಲೂ ಮಗಳು ಕೆಲಸಕ್ಕೆ ಮರಳಿದರೆ ಒಳ್ಳೆಯದು ಎನ್ನುತ್ತಾರೆ. ನಾನು ನೋಡುವುದು ಬೇರೆ ಲೆಕ್ಕ: ಮೊದಲ ದಿನವೇ 14 ಲಕ್ಷ ಕೊಟ್ಟಿದ್ದರೆ ಬೇಡದ ಡ್ರೈಯರ್, ಅರ್ಧ ಹೊತ್ತು ನಿಂತಿರುವ ಪಿಕಪ್, ದೊಡ್ಡ ಶೆಡ್ಡು ಸೇರಿ ಸುಮಾರು ಹತ್ತು ಲಕ್ಷ ಜುಲೈ ತಿಂಗಳ ಮಳೆಯಲ್ಲಿ ಕೂತಿರುತ್ತಿತ್ತು. ಹುಳದ ಡ್ರೈಯರ್‌ಗೆ ಎರಡನೇ ಕೈಯಲ್ಲಿ ಗಿರಾಕಿ ಸಿಗುವುದು ಕಷ್ಟ. ವಿಚಿತ್ರ ವ್ಯಾಪಾರಕ್ಕೆ ದುಡ್ಡು ಹಾಕುವವರು ಈ ಒಂದನ್ನು ಬೇರೆಯಾಗಿ ಕೇಳಿಕೊಳ್ಳಬೇಕು: ನಾಳೆ ಮುಚ್ಚಿದರೆ ಇದರಲ್ಲಿ ಯಾವುದು ಮಾರಾಟವಾಗುತ್ತದೆ? ಕಿರಾಣಿ ಅಂಗಡಿಯ ಫ್ರಿಜ್ಜು ಮಾರಾಟವಾಗುತ್ತದೆ. ಇಂಥದ್ದರ ಯಂತ್ರ ಗುಜರಿಗೆ ಹೋಗುತ್ತದೆ. ಅದಕ್ಕೇ ಬಾಡಿಗೆಗೆ ಸಿಗುವುದನ್ನು ಕೊಳ್ಳಬಾರದು, ಹಟ್ಟಿಯಲ್ಲಿ ಆಗುವುದಕ್ಕೆ ಶೆಡ್ಡು ಕಟ್ಟಬಾರದು.

ಈ ಪ್ರಕರಣವನ್ನು ಬೇರೆಯವರು ಹಾಗೇ ಎತ್ತಿಕೊಳ್ಳಲಾಗದ ಕಡೆಗಳೂ ಇವೆ. ಇವರಿಗೆ ಪಿಂಚಣಿ ಇತ್ತು. ತಿಂಗಳ ಖರ್ಚು ಠೇವಣಿಯ ಬಡ್ಡಿಯಿಂದಲೇ ನಡೆಯುವ ಮನೆಯಲ್ಲಿ ನಾನು ಆರು ಲಕ್ಷವಿರಲಿ, ಒಂದು ಲಕ್ಷಕ್ಕೂ ತಲೆಯಾಡಿಸುತ್ತಿರಲಿಲ್ಲ. ಖಾಲಿ ಹಟ್ಟಿ ಇತ್ತು. ಕಂಪನಿ ರಜೆ ಕೊಟ್ಟಿತು, ಅದು ಎಲ್ಲರಿಗೂ ಸಿಗುವುದಿಲ್ಲ. ಮತ್ತೆ, ಸಣ್ಣದಾಗಿ ಮಾಡಿ ನೋಡಲು ಬರುವ ವ್ಯಾಪಾರ ಇದು. ಮಗ ಸಿನಿಮಾ ತೆಗೆಯುತ್ತೇನೆ ಎಂದರೆ ಇಪ್ಪತ್ತು ಕಿಲೊ ಸಿನಿಮಾ ಮಾಡಿ ನೋಡಲಾಗದು. ಅಂಥಲ್ಲಿ ಮೊದಲ ಪ್ರಶ್ನೆಯೊಂದೇ ಉಳಿಯುತ್ತದೆ: ಪೂರ್ತಿ ಹೋದರೆ ಮನೆ ನಡೆಯುತ್ತದೆಯೇ? ಅದಕ್ಕೆ ಉತ್ತರ ಹೌದು ಎಂದು ಬರುವವರೆಗೆ ಮೊತ್ತವನ್ನು ಇಳಿಸುತ್ತಾ ಹೋಗಬೇಕು, ಸೊನ್ನೆಗೆ ಮುಟ್ಟಿದರೆ ಸೊನ್ನೆಯೇ.